ಟ್ರೇನಿಂಗ್ ರಿಪೋರ್ಟಿನಲ್ಲಿ ನಿಮ್ಮ ಸೈಟ್ ಕಾಣಬೇಕಾದರೆ

ಪ್ರಶ್ನೆ: ನಾನು ಸಿವಿಲ್ ವಿದ್ಯಾರ್ಥಿನಿ. ಒಂದು ಕಟ್ಟಡದ ಸೈಟಿನಲ್ಲಿ ನಾಲ್ಕು ವಾರ ಟ್ರೇನಿಂಗ್ ಮುಗಿಸಿ ರಿಪೋರ್ಟ್ ಕೊಟ್ಟೆ. ಗೈಡ್ ವಾಪಸ್ ಕೊಟ್ಟರು. "ಇದು ಪಠ್ಯಪುಸ್ತಕ, ಸೈಟ್ ಎಲ್ಲಿದೆ?" ಅಂದರು. ಸೇಫ್ಟಿ ಅಧ್ಯಾಯದಲ್ಲಿ ಹೆಲ್ಮೆಟ್, ಶೂ, ಹಾರ್ನೆಸ್ ಎಲ್ಲ ಬರೆದಿದ್ದೆ, ಅದಕ್ಕೂ ಕೆಂಪು ಗೆರೆ. ಡೈರಿ ಸರಿಯಾಗಿ ಬರೆದಿಲ್ಲ, ಫೋಟೋ ಮಾತ್ರ ಇವೆ. ಈಗ ಏನು ಮಾಡಲಿ? ಮೆಕ್ಯಾನಿಕಲ್ ಓದುತ್ತಿರುವ ಗೆಳತಿಗೂ ಇದೇ ತೊಂದರೆ.

ಉತ್ತರ: ಮೊದಲು ಕತ್ತರಿ ಹಿಡಿಯಿರಿ. ಸಿಮೆಂಟ್ ಎಂದರೇನು, ಕಾಂಕ್ರೀಟಿನ ಗುಣಗಳು, ಇಟ್ಟಿಗೆಯ ವಿಧಗಳು ಇವೆಲ್ಲ ಹೋಗಲಿ. ಇವನ್ನು ನಿಮ್ಮ ಗೈಡ್ ನಿಮಗಿಂತ ಚೆನ್ನಾಗಿ ಬಲ್ಲರು. ಕಂಪನಿ ಪರಿಚಯ ಎರಡು ಪುಟ ಸಾಕು. ಮುಖಪುಟ, ಪ್ರಮಾಣಪತ್ರ, ಪರಿವಿಡಿಗೆ ಕಾಲೇಜಿನ ನಮೂನೆ ಇರುತ್ತದೆ, ಅದನ್ನೇ ಅನುಸರಿಸಿ. ಇಷ್ಟು ತೆಗೆದ ಮೇಲೆ ರಿಪೋರ್ಟ್ ತುಂಬಾ ತೆಳ್ಳಗಾಗುತ್ತದೆ. ಹೆದರಬೇಡಿ. ನೀವು ಬರೆಯಬೇಕಾದದ್ದು ಆ ಖಾಲಿ ಜಾಗಕ್ಕೇ.

ನಾಲ್ಕು ವಾರದಲ್ಲಿ ನಡೆದದ್ದನ್ನೆಲ್ಲ ಬರೆಯಲು ಹೋಗಬೇಡಿ. ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದನ್ನು ಶುರುವಿನಿಂದ ಕೊನೆಯವರೆಗೆ ಹಿಂಬಾಲಿಸಿ. ಕಟ್ಟಡದ ಸೈಟಿನಲ್ಲಿ ಇದಕ್ಕೆ ಸ್ಲ್ಯಾಬ್ ಹಾಕುವ ಕೆಲಸಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಶಟರಿಂಗ್, ಕಂಬಿ, ಕಾಂಕ್ರೀಟ್, ಕ್ಯೂರಿಂಗ್, ಸೇಫ್ಟಿ ಎಲ್ಲವೂ ಅದರಲ್ಲಿ ಒಟ್ಟಿಗೆ ಬರುತ್ತವೆ. ಉಳಿದ ಕೆಲಸಗಳಿಗೆ ಒಂದೊಂದು ಪ್ಯಾರಾ ಸಾಕು.

ಡೈರಿ ಇಲ್ಲ ಅಂದಿರಿ. ಆದರೆ ಸೈಟ್ ತನ್ನದೇ ಡೈರಿ ಇಟ್ಟಿರುತ್ತದೆ. ಕಾಂಕ್ರೀಟ್ ತಂದ ಪ್ರತಿ ಲಾರಿಯ ಚಲನ್ ಮೇಲೆ ಗ್ರೇಡ್, ಪ್ರಮಾಣ, ಪ್ಲಾಂಟ್ ಬಿಟ್ಟ ಸಮಯ ಬರೆದಿರುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಸಹಿ ಮಾಡುವ ಪೋರ್ ಕಾರ್ಡ್ ಇರುತ್ತದೆ. ಕ್ಯೂಬ್ ರಿಜಿಸ್ಟರ್, ಬಾರ್ ಬೆಂಡಿಂಗ್ ಶೆಡ್ಯೂಲ್, ಡ್ರಾಯಿಂಗ್ ಇರುತ್ತವೆ. ಸೈಟ್ ಎಂಜಿನಿಯರ್ ಹತ್ತಿರ ಅನುಮತಿ ಕೇಳಿ, ಒಂದು ಸ್ಲ್ಯಾಬಿಗೆ ಸಂಬಂಧಿಸಿದ ಕಾಗದಗಳನ್ನು ಮಾತ್ರ ನೋಡಿ ಬರೆದುಕೊಳ್ಳಿ. ನಿಮ್ಮ ಫೋಟೋಗಳನ್ನು ಸಮಯದ ಪ್ರಕಾರ ಜೋಡಿಸಿ. ಫೋನು ಪ್ರತಿ ಫೋಟೋ ಜೊತೆ ದಿನಾಂಕ, ಗಂಟೆ ಉಳಿಸಿರುತ್ತದೆ. ಚಲನ್ ಸಮಯ ಮತ್ತು ಫೋಟೋ ಸಮಯ ಪಕ್ಕಪಕ್ಕ ಇಟ್ಟರೆ ಆ ದಿನದ ಮುಕ್ಕಾಲು ಭಾಗ ಎದ್ದು ಬರುತ್ತದೆ. ಉಳಿದದ್ದು ನೆನಪಿನಿಂದ ಬರೆದದ್ದಾದರೆ ಹಾಗೆಂದೇ ಬರೆಯಿರಿ: "ಅಂದಾಜು", "ಅಳತೆ ತೆಗೆದಿಲ್ಲ". ಇಲ್ಲದ ಅಳತೆಯನ್ನು ಮಾತ್ರ ಹುಟ್ಟಿಸಬೇಡಿ. ವೈವಾದಲ್ಲಿ "ಇದನ್ನು ಯಾವ ಟೇಪಿನಿಂದ, ಎಲ್ಲಿಂದ ಎಲ್ಲಿಗೆ ಅಳೆದೆ?" ಎಂದು ಒಂದು ಪ್ರಶ್ನೆ ಬಂದರೆ ಸಾಕು, ಇಡೀ ರಿಪೋರ್ಟ್ ಕುಸಿಯುತ್ತದೆ.

ಈಗ ಅವಲೋಕನ ಬರೆಯುವುದು ಹೇಗೆ ಅಂತ ನೋಡೋಣ. ನಿಮ್ಮ ರಿಪೋರ್ಟಿನಲ್ಲಿ ಬಹುಶಃ ಇಂಥ ವಾಕ್ಯ ಇರುತ್ತದೆ: "ಸ್ಲ್ಯಾಬಿಗೆ ಡ್ರಾಯಿಂಗ್ ಪ್ರಕಾರ ಕಂಬಿ ಕಟ್ಟಲಾಯಿತು." ಇದು ಅವಲೋಕನ ಅಲ್ಲ. ಇದನ್ನು ಬರೆಯಲು ಸೈಟಿಗೆ ಹೋಗಲೇಬೇಕಿಲ್ಲ, ಅಲ್ವಾ? ಅವಲೋಕನದಲ್ಲಿ ನಾಲ್ಕು ಸಂಗತಿ ಇರಬೇಕು. ಏನಿರಬೇಕಿತ್ತು, ಏನಿತ್ತು, ವ್ಯತ್ಯಾಸದಿಂದ ಏನಾಗುತ್ತದೆ, ಆಮೇಲೆ ಏನು ಮಾಡಿದರು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ.

ಕಂಬಿಯ ಅಂತರವನ್ನೇ ತೆಗೆದುಕೊಳ್ಳಿ. ಡ್ರಾಯಿಂಗಿನಲ್ಲಿ 10 ಮಿ.ಮೀ. ಕಂಬಿ, 150 ಮಿ.ಮೀ. ಅಂತರ ಎಂದಿದೆ ಅಂದುಕೊಳ್ಳಿ. ಒಂದೇ ಒಂದು ಸಂದಿ ಅಳೆದರೆ ಅದು 140 ಇರಬಹುದು, 165 ಇರಬಹುದು. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲ ಕಂಬಿಯ ನಡುವಿನಿಂದ ಹನ್ನೊಂದನೆಯ ಕಂಬಿಯ ನಡುವಿಗೆ ಟೇಪ್ ಹಿಡಿಯಿರಿ. ಹತ್ತು ಸಂದಿ ಸೇರಿ 1500 ಮಿ.ಮೀ. ಬರಬೇಕು. ಟೇಪ್ 1670 ತೋರಿಸಿತು ಅನ್ನಿ. ಅಂದರೆ ಸರಾಸರಿ ಅಂತರ 167. ಹತ್ತು ಮಿ.ಮೀ. ಕಂಬಿಯ ಅಡ್ಡಕೊಯ್ತ 78.5 ಚದರ ಮಿ.ಮೀ. 150 ಅಂತರದಲ್ಲಿ ಪ್ರತಿ ಮೀಟರಿಗೆ 523 ಚದರ ಮಿ.ಮೀ. ಉಕ್ಕು ಸಿಗುತ್ತದೆ. 167 ಆದರೆ 470 ಮಾತ್ರ. ಡಿಸೈನರ್ ಕೇಳಿದ್ದಕ್ಕಿಂತ ಹತ್ತಿರ ಹತ್ತಿರ ಶೇಕಡ 10 ಕಡಿಮೆ. ಕಣ್ಣಿಗೆ ಇದು ಕಾಣುವುದೇ ಇಲ್ಲ. ಜಾಲರಿ ನೋಡಲು ನೀಟಾಗಿಯೇ ಇರುತ್ತದೆ. ಎಂಜಿನಿಯರ್ ಇದನ್ನು ನೋಡಿ ಆ ಭಾಗದಲ್ಲಿ ಕಂಬಿ ಸರಿಸಿ ಇನ್ನೆರಡು ಕಂಬಿ ಹಾಕಿಸಿದರು ಎಂದಾದರೆ ಅದನ್ನೂ ಬರೆಯಿರಿ. ಒಂದು ಟೇಪು, ಒಂದು ಭಾಗಾಕಾರ. ಗೈಡ್ ಹುಡುಕುತ್ತಿರುವ ಸೈಟ್ ಇದೇ.

ಕಾಂಕ್ರೀಟ್ ದಿನದ ಒಂದು ಘಟನೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಸೈಟಿನವು ಬೇರೆ ಇರುತ್ತವೆ. ಸ್ಲ್ಯಾಬ್ 12 ಮೀಟರ್ ಉದ್ದ, 8 ಮೀಟರ್ ಅಗಲ, 125 ಮಿ.ಮೀ. ದಪ್ಪ. ಬೀಮ್ ಬಿಟ್ಟು 12 ಘನ ಮೀಟರ್ ಕಾಂಕ್ರೀಟ್. ತಲಾ 6 ಘನ ಮೀಟರಿನ ಎರಡು ಟ್ರಾನ್ಸಿಟ್ ಮಿಕ್ಸರ್. ಹಸಿ ಕಾಂಕ್ರೀಟು ಎಷ್ಟು ಸಡಿಲ ಎಂದು ತೋರಿಸುವ ಸ್ಲಂಪ್ 75ರಿಂದ 125 ಮಿ.ಮೀ. ಒಳಗೆ ಇರಬೇಕು ಎಂದು ಆರ್ಡರಿನಲ್ಲಿದೆ. ಮೊದಲ ಲಾರಿ ಸರಿಯಾಗಿ ಖಾಲಿಯಾಯಿತು. ಎರಡನೆಯದು ಬಂದಾಗ ಪಂಪಿನ ಪೈಪು ಕಟ್ಟಿಕೊಂಡಿತ್ತು. ಲಾರಿ ಅರ್ಧ ಗಂಟೆ ಕಾಯಿತು. ಬಂದಾಗ 110 ಇದ್ದ ಸ್ಲಂಪ್ 85ಕ್ಕೆ ಇಳಿಯಿತು. ಇನ್ನೂ ಮಿತಿಯೊಳಗೇ ಇತ್ತು. ಆದರೆ ಪಂಪ್ ಮತ್ತೆ ಕಟ್ಟಿಕೊಂಡೀತು ಎಂಬ ಹೆದರಿಕೆಯಿಂದ ಹೆಲ್ಪರ್ 20 ಲೀಟರಿನ ಮೂರು ಬಕೆಟ್ ನೀರು ಡ್ರಮ್ಮಿಗೆ ಸುರಿದ. ಮತ್ತೆ ಅಳೆದಾಗ ಸ್ಲಂಪ್ 140.

ಇದನ್ನು ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆ ಗೊತ್ತಾ? "ಕಾರ್ಮಿಕರ ಅಜಾಗರೂಕತೆಯಿಂದ ಕಾಂಕ್ರೀಟಿನ ಗುಣಮಟ್ಟ ಕೆಟ್ಟಿತು." ಇದು ತೀರ್ಪು. ಜೊತೆಗೆ ತಪ್ಪು ತೀರ್ಪು ಕೂಡ. ಗುಣಮಟ್ಟ ಕೆಟ್ಟಿತೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಲೆಕ್ಕ ಮಾತ್ರ. ಮಿಕ್ಸ್ ಡಿಸೈನಿನಲ್ಲಿ ಒಂದು ಘನ ಮೀಟರಿಗೆ 340 ಕೆ.ಜಿ. ಸಿಮೆಂಟ್, 160 ಲೀಟರ್ ನೀರು ಇದ್ದರೆ, ಲಾರಿಯಲ್ಲಿ 2040 ಕೆ.ಜಿ. ಸಿಮೆಂಟ್, 960 ಲೀಟರ್ ನೀರು ಇರುತ್ತದೆ. ನೀರು-ಸಿಮೆಂಟ್ ಅನುಪಾತ 0.47. ಇನ್ನು 60 ಲೀಟರ್ ಸೇರಿದರೆ 1020 ಲೀಟರ್, ಅನುಪಾತ 0.50. ಘನ ಮೀಟರಿಗೆ 10 ಲೀಟರ್ ಹೆಚ್ಚುವರಿ ನೀರು ಸ್ಲಂಪನ್ನು ಸುಮಾರು 50 ಮಿ.ಮೀ. ಏರಿಸುತ್ತದೆ. ಬಲವನ್ನು ಒಂದೆರಡು, ಕೆಲವೊಮ್ಮೆ ಮೂರು ನ್ಯೂಟನ್ ಪ್ರತಿ ಚದರ ಮಿ.ಮೀ.ನಷ್ಟು ಇಳಿಸಬಹುದು. ಇದು ಸ್ಥೂಲ ಅಂದಾಜು, ಮಿಕ್ಸ್ ಬದಲಾದರೆ ಇದೂ ಬದಲಾಗುತ್ತದೆ. ನಿಜ ಹೇಳಬೇಕಾದದ್ದು ಕ್ಯೂಬ್.

ಹಾಗಾಗಿ ರಿಪೋರ್ಟಿನಲ್ಲಿ ಹೀಗೆ ಬರಬಹುದು:

"ಎರಡನೆಯ ಲಾರಿ 10:20ಕ್ಕೆ ಬಂತು, ಸ್ಲಂಪ್ 110 ಮಿ.ಮೀ. ಪಂಪ್ ಪೈಪ್ ಕಟ್ಟಿಕೊಂಡಿದ್ದರಿಂದ 10:50ರವರೆಗೆ ಕಾಯಿತು, ಸ್ಲಂಪ್ 85 ಮಿ.ಮೀ. ಈ ಹಂತದಲ್ಲಿ ಸುಮಾರು 60 ಲೀಟರ್ ನೀರು ಸೇರಿಸಲಾಯಿತು, ಸ್ಲಂಪ್ 140 ಮಿ.ಮೀ., ಮಿತಿ 125. ಲೆಕ್ಕದ ಪ್ರಕಾರ ನೀರು-ಸಿಮೆಂಟ್ ಅನುಪಾತ 0.47ರಿಂದ 0.50ಕ್ಕೆ ಏರಿತು. ಸೈಟ್ ಎಂಜಿನಿಯರ್ ಈ ಲಾರಿಯಿಂದ ಪ್ರತ್ಯೇಕ ಕ್ಯೂಬ್ ತೆಗೆಸಿದರು, ಕಾಂಕ್ರೀಟ್ ಬಿದ್ದ ಭಾಗವನ್ನು ಡ್ರಾಯಿಂಗಿನಲ್ಲಿ ಗುರುತು ಮಾಡಿದರು. 7ನೇ ದಿನದ ಫಲಿತಾಂಶ ಅನುಬಂಧದಲ್ಲಿದೆ. 28ನೇ ದಿನದ ಪರೀಕ್ಷೆ ನನ್ನ ಟ್ರೇನಿಂಗ್ ಮುಗಿದ ನಂತರ ಇದ್ದುದರಿಂದ ಇಲ್ಲಿ ಸೇರಿಲ್ಲ."

ಇದರಲ್ಲಿ ಯಾರ ಹೆಸರೂ ಇಲ್ಲ, ಬೈಗುಳವೂ ಇಲ್ಲ. ಹೆಲ್ಪರ್ ಎಂಬ ಪದವನ್ನೂ ಬಿಟ್ಟಿದ್ದೇನೆ ನೋಡಿ. ಕಂಪನಿಯವರು ಓದಿದರೂ ತಕರಾರು ಮಾಡುವಂತಿಲ್ಲ. ಆದರೂ ಸಲ್ಲಿಸುವ ಮುಂಚೆ ಈ ಭಾಗವನ್ನು ಸೈಟ್ ಎಂಜಿನಿಯರ್‌ಗೆ ತೋರಿಸಿ. ಅವರು "ಸಮಯ ತಪ್ಪಾಗಿದೆ" ಅಂದರೆ ತಿದ್ದಿ. "ಇದನ್ನು ಹಾಕಬೇಡಿ" ಅಂದರೆ ಗೈಡ್ ಜೊತೆ ಮಾತಾಡಿ. ಆ ಘಟನೆ ಬಿಟ್ಟು ಬೇರೊಂದನ್ನು ಬರೆಯಬಹುದು. ಆದರೆ ಅದೇ ಘಟನೆಯಲ್ಲಿ 140 ಇದ್ದದ್ದನ್ನು 120 ಮಾಡಿ ಬರೆಯುವ ಹಾಗಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ವಾರದ ಟ್ರೇನಿಂಗ್ ರಿಪೋರ್ಟುಗಳಲ್ಲಿ 28 ದಿನದ ಕ್ಯೂಬ್ ಫಲಿತಾಂಶ ಎಲ್ಲ ಸ್ಲ್ಯಾಬಿಗೂ ಇರುವುದನ್ನು ನೋಡಿ ನೋಡಿ ಸಾಕಾಗಿದೆ. ನೀವು ಸೇರಿದ ಎರಡನೇ ವಾರ ಹಾಕಿದ ಸ್ಲ್ಯಾಬಿಗೆ 28 ದಿನ ತುಂಬುವುದು ನೀವು ಹೊರಟ ಮೇಲೆ. ಪರೀಕ್ಷಕರು ದಿನಾಂಕ ಎಣಿಸಿದರೆ ಮುಗಿಯಿತು. 7ನೇ ದಿನದ್ದು ಇದ್ದರೆ ಲೋಡ್ ಸಮೇತ ಬರೆಯಿರಿ. 150 ಮಿ.ಮೀ. ಕ್ಯೂಬಿನ ಮುಖ 22,500 ಚದರ ಮಿ.ಮೀ. ಮೆಷಿನ್ 405 ಕಿಲೋನ್ಯೂಟನ್ ತೋರಿಸಿದರೆ ಬಲ 18. ಲೋಡ್ ಬರೆದವರು ಮೆಷಿನ್ ಪಕ್ಕ ನಿಂತಿದ್ದರು ಎಂದು ಓದುವವರಿಗೆ ತಾನಾಗಿಯೇ ತಿಳಿಯುತ್ತದೆ.

ಇನ್ನು ಸೇಫ್ಟಿ ಅಧ್ಯಾಯ. ಕೆಂಪು ಗೆರೆ ಯಾಕೆ ಬಿತ್ತು ಎಂದು ಊಹಿಸಬಲ್ಲೆ. ನೀವು ಗೇಟಿನ ಬೋರ್ಡನ್ನು ನಕಲು ಮಾಡಿದ್ದೀರಿ. ಸೇಫ್ಟಿಯಲ್ಲಿ ಎರಡು ಸಂಗತಿ ಬೇರೆ ಬೇರೆ: ಸೈಟಿನಲ್ಲಿ ಇದ್ದ ನಿಯಮ, ಸೈಟಿನಲ್ಲಿ ನಡೆದ ರೂಢಿ. ನಿಯಮ ಬೋರ್ಡಿನ ಮೇಲಿದೆ. ರೂಢಿ ನೋಡಬೇಕಾದರೆ ಎಣಿಸಬೇಕು. "ಎತ್ತರದಲ್ಲಿ ಹಾರ್ನೆಸ್ ಕಡ್ಡಾಯ" ಎಂದು ಬರೆಯುವ ಬದಲು, ಒಂದು ಹೊತ್ತಿನಲ್ಲಿ ಸ್ಲ್ಯಾಬಿನ ಅಂಚಿನ ಹತ್ತಿರ ಎಷ್ಟು ಜನ ಇದ್ದರು, ಎಷ್ಟು ಜನ ಹಾರ್ನೆಸ್ ಹಾಕಿದ್ದರು, ಅದರಲ್ಲಿ ಎಷ್ಟು ಜನ ಕೊಕ್ಕೆಯನ್ನು ಎಲ್ಲಿಗಾದರೂ ಸಿಕ್ಕಿಸಿದ್ದರು, ಎಲ್ಲಿಗೆ ಸಿಕ್ಕಿಸಿದ್ದರು ಎಂದು ಬರೆಯಿರಿ. ಹಾರ್ನೆಸ್ ಹಾಕಿ ಕೊಕ್ಕೆ ಸೊಂಟಕ್ಕೇ ನೇತುಹಾಕಿಕೊಂಡು ಓಡಾಡುವವರು ಜಾಸ್ತಿ.

ಕೊಕ್ಕೆ ಸಿಕ್ಕಿಸಿದ್ದರೂ ಮುಗಿಯಲಿಲ್ಲ. ಹಾರ್ನೆಸ್ಸಿನ ಹಗ್ಗ ಸುಮಾರು 1.8 ಮೀಟರ್. ಬಿದ್ದಾಗ ಜರ್ಕ್ ತಡೆಯುವ ಅಬ್ಸಾರ್ಬರ್ ಬಿಚ್ಚಿಕೊಂಡು ಇನ್ನೂ 1.75 ಮೀಟರ್‌ವರೆಗೆ ಉದ್ದವಾಗಬಹುದು. ಬೆನ್ನಿನ ರಿಂಗಿನಿಂದ ಕಾಲಿನವರೆಗೆ ಸುಮಾರು 1.5 ಮೀಟರ್. ಅದರ ಕೆಳಗೆ ಒಂದು ಮೀಟರ್ ಜಾಗ ಉಳಿದಿರಬೇಕು. ಕೂಡಿಸಿದರೆ ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಗೆ ಸುಮಾರು 6 ಮೀಟರ್ ಖಾಲಿ ಇರಬೇಕು. ಮೂರು ಮೀಟರ್ ಎತ್ತರದ ಮೊದಲ ಸ್ಲ್ಯಾಬಿನಲ್ಲಿ, ಕಾಲ ಬಳಿಯ ಕಂಬಿಗೆ ಕೊಕ್ಕೆ ಸಿಕ್ಕಿಸಿದವನು ಹಗ್ಗ ಬಿಗಿಯುವ ಮುಂಚೆಯೇ ನೆಲ ಮುಟ್ಟಬಹುದು. ಅಂದರೆ ಅಲ್ಲಿ ಬೇಕಾದದ್ದು ಈ ಹಾರ್ನೆಸ್ ಅಲ್ಲ. ಅಂಚಿಗೆ ಗಟ್ಟಿ ರೇಲಿಂಗ್, ನಡುವೆ ಇನ್ನೊಂದು ಅಡ್ಡಪಟ್ಟಿ, ಕೆಳಗೆ ಟೋ ಬೋರ್ಡ್. ಬೀಳದಂತೆ ತಡೆಯುವುದು ಬಿದ್ದಮೇಲೆ ಹಿಡಿಯುವುದಕ್ಕಿಂತ ಮುಂಚೆ ಬರಬೇಕು. ನಿಮ್ಮ ಸೈಟಿನ ಹಗ್ಗದ ಉದ್ದ ಅದರ ಲೇಬಲ್ ಮೇಲೇ ಇರುತ್ತದೆ. ಅದನ್ನೇ ಹಾಕಿ ಈ ಲೆಕ್ಕ ಮಾಡಿ. ಒಂದು ಚಿಕ್ಕ ರೇಖಾಚಿತ್ರ ಬರೆದರೆ ಎರಡು ಪುಟದ ಪಿಪಿಇ ಪಟ್ಟಿಗಿಂತ ಮೇಲು.

ಎರಡನೆಯದಾಗಿ ಶಟರಿಂಗ್ ಕೆಳಗೆ ನೋಡಿ. ಕಾಂಕ್ರೀಟ್ ಹಾಕುವಾಗ ಎಲ್ಲರ ಕಣ್ಣು ಮೇಲೆ ಇರುತ್ತದೆ. ಅಪಾಯ ಕೆಳಗೆ ಪ್ರಾಪುಗಳಲ್ಲಿ ಇರುತ್ತದೆ. 125 ಮಿ.ಮೀ. ಹಸಿ ಕಾಂಕ್ರೀಟು ಚದರ ಮೀಟರಿಗೆ ಸುಮಾರು 3.1 ಕಿಲೋನ್ಯೂಟನ್ ತೂಗುತ್ತದೆ. ಜನ, ಪೈಪು, ಹಲಗೆ ಸೇರಿ ಇನ್ನೊಂದೆರಡು. ಒಟ್ಟು 5 ಅಂದುಕೊಳ್ಳಿ. ಪ್ರಾಪುಗಳು ಎರಡೂ ದಿಕ್ಕಿನಲ್ಲಿ ಮೀಟರಿಗೊಂದರಂತೆ ಇದ್ದರೆ ಒಂದೊಂದರ ಮೇಲೂ ಅರ್ಧ ಟನ್ ಭಾರ. ಒಂದು ಪ್ರಾಪ್ ಸಡಿಲ ಮಣ್ಣಿನ ಮೇಲೆ ನಿಂತು ಅರ್ಧ ಇಂಚು ಇಳಿದರೆ ಅದರ ಭಾರ ಪಕ್ಕದವುಗಳಿಗೆ ಹೋಗುತ್ತದೆ. ಪಕ್ಕದ್ದೂ ಹಾಗೇ ಇದ್ದರೆ ಒಂದರ ಹಿಂದೆ ಒಂದು ಸೋಲುತ್ತದೆ. ಹಾಗಾಗಿ ನೋಡಬೇಕಾದದ್ದು: ಪ್ರಾಪಿನ ಕೆಳಗೆ ಹಲಗೆ ಇದೆಯಾ, ಪ್ರಾಪ್ ನೆಟ್ಟಗಿದೆಯಾ, ಅಡ್ಡ ಬಿಗಿತ ಇದೆಯಾ. ಇನ್ನೊಂದು, ಎತ್ತರ ಹೊಂದಿಸುವ ರಂಧ್ರದಲ್ಲಿ ಅದರದ್ದೇ ಪಿನ್ನು ಇದೆಯಾ, ಇಲ್ಲಾ ತುಂಡು ಕಂಬಿ ತುರುಕಿದ್ದಾರಾ. ಪಿನ್ನು ಕಳೆದುಹೋಗುವುದು ಸಾಮಾನ್ಯ, ಕೈಗೆ ಸಿಕ್ಕ 8 ಮಿ.ಮೀ. ಕಂಬಿ ಹಾಕುವುದೂ ಸಾಮಾನ್ಯ. ಆ ಇಡೀ ಅರ್ಧ ಟನ್ ನಿಂತಿರುವುದು ಆ ತುಂಡಿನ ಮೇಲೆ. ಇಷ್ಟು ಪ್ರಾಪಿನಲ್ಲಿ ಇಷ್ಟಕ್ಕೆ ಪಿನ್ನಿನ ಬದಲು ಕಂಬಿ ಇತ್ತು ಎಂದು ಎಣಿಸಿ ಬರೆಯಿರಿ. ಆದರೆ ಎಣಿಸುವುದು ಕಾಂಕ್ರೀಟ್ ಹಾಕುವ ಮುಂಚೆ. ಹಾಕುತ್ತಿರುವಾಗ ಶಟರಿಂಗ್ ಕೆಳಗೆ ಹೋಗಬೇಡಿ, ಫೋಟೋಗೂ ಬೇಡ. ಇಂಥದ್ದು ಕಣ್ಣಿಗೆ ಬಿದ್ದರೆ ರಿಪೋರ್ಟಿಗೆ ಅಂತ ಬಚ್ಚಿಟ್ಟುಕೊಳ್ಳಬೇಡಿ. ಅಲ್ಲೇ ಎಂಜಿನಿಯರ್‌ಗೆ ಹೇಳಿ. "ತಿಳಿಸಲಾಯಿತು, ಪಿನ್ನು ಬದಲಿಸಿದ ಮೇಲೆ ಕೆಲಸ ಶುರುವಾಯಿತು" ಎಂಬುದು ರಿಪೋರ್ಟಿನಲ್ಲೂ ಚೆನ್ನಾಗಿ ಕಾಣುತ್ತದೆ.

ಸೇಫ್ಟಿಗೆ ಈ ಎರಡು ವಿಷಯ ಸಾಕು. ಅವಕ್ಕೆ ಒಂದು ಕೋಷ್ಟಕ ಬೇಕಾದರೆ ಹಾಕಿ: ಕೆಲಸ, ಅಪಾಯ, ಇದ್ದ ವ್ಯವಸ್ಥೆ, ನಾನು ನೋಡಿದಾಗ ಅದು ಕೆಲಸ ಮಾಡುತ್ತಿತ್ತೇ, ಸಲಹೆ. ಸಲಹೆ ಎಂದರೆ "ಜಾಗೃತಿ ಮೂಡಿಸಬೇಕು" ಅಲ್ಲ. "ಪ್ರಾಪ್ ಜೊತೆ ಪಿನ್ನನ್ನು ಸರಪಳಿಯಲ್ಲಿ ಕಟ್ಟಿಡಬೇಕು" ಎಂಬುದು ಸಲಹೆ. ನಾಳೆ ಬೆಳಗ್ಗೆ ಒಬ್ಬ ಮೇಸ್ತ್ರಿ ಮಾಡಬಹುದಾದದ್ದಾಗಿರಬೇಕು.

ನಿಮ್ಮ ಗೆಳತಿಗೂ ದಾರಿ ಇದೇ, ಕೆಲಸ ಮಾತ್ರ ಬೇರೆ. ವರ್ಕ್‌ಶಾಪಿನಲ್ಲಿ ಯಾವುದಾದರೂ ಒಂದು ಮೆಷಿನ್ ರಿಪೇರಿ ಅಥವಾ ಪ್ರೆಸ್ಸಿನ ಡೈ ಬದಲಾವಣೆಯನ್ನು ಹಿಂಬಾಲಿಸಲಿ. ಲೇತಿನ ಭಾಗಗಳ ಚಿತ್ರ ಬರೆಯುವುದು ಬೇಡ. ಸ್ವಿಚ್ ಆಫ್ ಮಾಡಿದ್ದು ಯಾರು? ಐಸೊಲೇಟರಿಗೆ ಬೀಗ ಹಾಕಿದರಾ, ಇಲ್ಲಾ ಬರೀ "ಕೆಲಸ ನಡೆಯುತ್ತಿದೆ" ಎಂಬ ಚೀಟಿ ತೂಗುಹಾಕಿದರಾ? ಬೀಗದ ಕೀ ಒಳಗೆ ಕೈ ಹಾಕುವವನ ಜೇಬಿನಲ್ಲಿತ್ತಾ, ಸೂಪರ್‌ವೈಸರ್ ಟೇಬಲ್ ಮೇಲಿತ್ತಾ? ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ ಇದ್ದವಾ? ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಮೆಷಿನ್ ನಿಜಕ್ಕೂ ಸತ್ತಿದೆಯಾ ಎಂದು ನೋಡಿದರಾ? ಈ ಕೊನೆಯ ಹೆಜ್ಜೆಯನ್ನೇ ಹೆಚ್ಚಿನ ಕಡೆ ಹಾರಿಸುತ್ತಾರೆ. ಕರೆಂಟ್ ಹೋದರೂ ಅಪಾಯ ಹೋಗುವುದಿಲ್ಲ ಎಂಬುದನ್ನೂ ಬರೆಯಲಿ. ಮೇಲೆ ನಿಂತ ರ‍್ಯಾಮ್ ತನ್ನ ಭಾರಕ್ಕೇ ಇಳಿಯಬಹುದು, ಅದಕ್ಕೆ ಕೆಳಗೆ ಸೇಫ್ಟಿ ಬ್ಲಾಕ್ ಇಡಬೇಕು. ಗಾಳಿಯ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಅದನ್ನು ಬಿಡಬೇಕು. ಈ ಹೆಜ್ಜೆಗಳಿಗೆ ಸಮಯ ಹಾಕಿ ಬರೆದರೆ ಎಷ್ಟು ನಿಮಿಷ ಉಳಿಸಲು ಯಾವ ಹೆಜ್ಜೆ ಬಿಟ್ಟರು ಎಂಬುದು ತಾನಾಗಿ ಕಾಣುತ್ತದೆ. ಅಳತೆಯ ಭಾಗ ಬೇಕಿದ್ದರೆ ಡೈ ಬದಲಿಸಿದ ಮೇಲೆ ಬಂದ ಮೊದಲ ಕೆಲವು ಪೀಸುಗಳನ್ನು ಡ್ರಾಯಿಂಗ್ ಟಾಲರೆನ್ಸ್ ಜೊತೆ ಹೋಲಿಸಲಿ. ಕಂಬಿ ಅಂತರಕ್ಕೆ ಮಾಡಿದ್ದನ್ನೇ ಅಲ್ಲಿ ವರ್ನಿಯರಿನಿಂದ ಮಾಡಿದ ಹಾಗೆ.

ಫೋಟೋ ಬಗ್ಗೆ ಒಂದೆರಡು ಮಾತು. ಅಳತೆ ತೋರಿಸುವ ಫೋಟೋದಲ್ಲಿ ಟೇಪಿನ ಅಂಕಿ ಓದಲು ಬರಬೇಕು. ಅಡಿಬರಹದಲ್ಲಿ ಜಾಗ, ದಿನಾಂಕ ಮತ್ತು ಏನನ್ನು ಗಮನಿಸಬೇಕು ಎಂಬುದು ಇರಲಿ. "ಕಂಬಿ ಕಟ್ಟುವ ಕೆಲಸ" ಎಂಬ ಅಡಿಬರಹ ಬೇಡ. ಕೆಲಸಗಾರರ ಮುಖ ಮಸುಕು ಮಾಡಿ, ಅದರಲ್ಲೂ ಸೇಫ್ಟಿ ಲೋಪ ತೋರಿಸುವ ಫೋಟೋಗಳಲ್ಲಿ. ಹಾರ್ನೆಸ್ ಹಾಕದೆ ಸಿಕ್ಕಿಬಿದ್ದವನ ದಿನಗೂಲಿ ನಿಮ್ಮ ರಿಪೋರ್ಟಿನಿಂದ ಹೋಗಬಾರದು. ಸೈಟಿನವರು ಫೋಟೋ ಬೇಡ ಎಂದರೆ ಕೈಯಲ್ಲೇ ರೇಖಾಚಿತ್ರ ಬರೆಯಿರಿ. ನನ್ನ ಮಟ್ಟಿಗೆ ಅದೇ ಹೆಚ್ಚು ಒಳ್ಳೆಯದು, ಯಾಕೆಂದರೆ ಚಿತ್ರ ಬರೆಯುವಾಗ ಯಾವ ಅಳತೆ ನಿಮ್ಮ ಹತ್ತಿರ ಇಲ್ಲ ಎಂಬುದು ತಟ್ಟನೆ ಗೊತ್ತಾಗುತ್ತದೆ.

ಆ ಕೊರತೆಗಳ ಪಟ್ಟಿ ಹಿಡಿದು ಸೈಟಿಗೆ ಒಂದು ಸಲ ಹೋಗಿ ಬನ್ನಿ. ಕಾಂಕ್ರೀಟಿನೊಳಗೆ ಹೋದ ಕಂಬಿ ಈಗ ಸಿಗುವುದಿಲ್ಲ, ಆದರೆ ಮೇಲಿನ ಮಹಡಿಯಲ್ಲಿ ಅದೇ ಕೆಲಸ ಮತ್ತೆ ನಡೆಯುತ್ತಿರಬಹುದು. ಅಲ್ಲಿ ಅಳೆದರೆ ಹೊಸ ದಿನಾಂಕ ಹಾಕಿ, ಹಳೆಯ ಸ್ಲ್ಯಾಬಿನ ಲೆಕ್ಕಕ್ಕೆ ಸೇರಿಸಬೇಡಿ. ಹೋದಾಗ ಕ್ಯೂಬ್ ರಿಜಿಸ್ಟರನ್ನೂ ತೆರೆದು ನೋಡಿ. ಎರಡನೆಯ ಲಾರಿಯಂಥ ಘಟನೆ ನಿಮ್ಮಲ್ಲೂ ಇದ್ದು, ಅದರ 28 ದಿನದ ಫಲಿತಾಂಶ ಈಗ ಬಂದಿದ್ದರೆ, "ಟ್ರೇನಿಂಗ್ ನಂತರ ಸೈಟ್ ರಿಜಿಸ್ಟರಿನಿಂದ ಪಡೆದದ್ದು" ಎಂದು ಬರೆದು ಅನುಬಂಧಕ್ಕೆ ಸೇರಿಸಿ.